ಅಪ್‌ಡೇಟ್: ಅಲೋಪ್ಯೂರಿನಾಲ್ ಶುರುವಾದ ಮೇಲೆ ಬಂದ ಗೌಟ್ ನೋವು

ನಾನು ಕೇಳಿದ್ದು: "ಕಾರವಾರದಲ್ಲಿರೋ ಅಪ್ಪನಿಗೆ ಯೂರಿಕ್ ಆಸಿಡ್ 9.2. ಅಲೋಪ್ಯೂರಿನಾಲ್ 100 ಮಿ.ಗ್ರಾಂ ಶುರು ಮಾಡಿ ಹತ್ತೇ ದಿನಕ್ಕೆ ಹೆಬ್ಬೆರಳು ಊದಿದೆ. ಮಾತ್ರೆ ಆಗಿಬರ್ತಿಲ್ವಾ, ನಿಲ್ಲಿಸೋದಾ?"

ನಿಲ್ಲಿಸಲಿಲ್ಲ, ಅದೇ ಸರಿಯಾಯ್ತು. ಈ ಮಾತ್ರೆಯಿಂದ ರಕ್ತದಲ್ಲಿ ಯೂರಿಕ್ ಆಸಿಡ್ ಇಳಿದಾಗ ಕೀಲಿನೊಳಗೆ ವರ್ಷಗಟ್ಟಲೆ ಕೂತ ಹರಳುಗಳು ಕರಗಿ ಸಡಿಲವಾಗುತ್ತವೆ, ದೇಹ ಅವುಗಳ ಮೇಲೆ ಮುಗಿಬೀಳುತ್ತದೆ. ಮಧ್ಯೆ ಮಾತ್ರೆ ಬಿಟ್ಟು ಮತ್ತೆ ಹಿಡಿದರೆ ಇದೇ ಕಾಟ ಮೊದಲಿನಿಂದ.

ತಪ್ಪಿದ್ದು ಒಂದೇ: ಜೊತೆಗೆ ಇಂಥ ಊತ, ನೋವು ತಡೆಯುವ ಕಾಲ್ಚಿಸಿನ್ ಮಾತ್ರೆ ಇರಲಿಲ್ಲ. ಕಿಡ್ನಿ ಸರಿಯಿದೆ ಎಂದು ನೋಡಿಕೊಂಡು ಡಾಕ್ಟರು ಮೊದಲ ದಿನ 1 ಮಿ.ಗ್ರಾಂ, ಗಂಟೆ ಬಿಟ್ಟು 0.5 ಕೊಟ್ಟರು. ಮರುದಿನದಿಂದ ದಿನಕ್ಕೊಂದು 0.5, ಆರು ತಿಂಗಳು. ಭೇದಿ ಶುರುವಾದರೆ ಡೋಸ್ ಹೆಚ್ಚಾಯಿತು ಎಂದರ್ಥ. ಕಫಕ್ಕೆಂದು ಕ್ಲಾರಿಥ್ರೋಮೈಸಿನ್ ಬರೆದುಕೊಟ್ಟರೆ ಕಾಲ್ಚಿಸಿನ್ ನಡೀತಿದೆ ಎಂದು ಹೇಳಲೇಬೇಕು. ಎರಡೂ ಸೇರಿದರೆ ವಿಷವಾಗಬಹುದು.

ಅಲೋಪ್ಯೂರಿನಾಲ್ ತಿಂಗಳಿಗೆ 100ರಂತೆ ಏರಿತು: 100ಕ್ಕೆ ಯೂರಿಕ್ ಆಸಿಡ್ 8.1, 200ಕ್ಕೆ 6.8, 300ಕ್ಕೆ 5.6. ಗುರಿ 6ಕ್ಕಿಂತ ಕೆಳಗೆ. ಕಿವಿ, ಮೊಣಕೈ ಮೇಲೆ ಗಂಟು ಕಟ್ಟಿದವರಿಗೆ 5ಕ್ಕಿಂತ ಕೆಳಗೆ. ನೋವಿನ ದಿನವೇ ರಕ್ತ ಕೊಟ್ಟರೆ ಅಂಕಿ ಸುಳ್ಳಾಗಿ ಕಡಿಮೆ ಬರಬಹುದು, ಎರಡು ವಾರ ಕಾಯಬೇಕು.

ಮೊದಲ ಎರಡು ತಿಂಗಳು ಚರ್ಮದ ಮೇಲೆ ಕಣ್ಣಿರಲಿ. ಗಂಧೆ, ಜ್ವರ, ಬಾಯಿಹುಣ್ಣು ಕಂಡರೆ ಅಲೋಪ್ಯೂರಿನಾಲ್ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಆಗ ಬದಲಿಗೆ ಫೆಬುಕ್ಸೊಸ್ಟಾಟ್ ಮಾತ್ರೆ ಇದೆ, ಹೃದಯದ ಕಾಯಿಲೆ ಇದ್ದವರಲ್ಲಿ ಜಾಗ್ರತೆ ಬೇಕು.

ತಾರ್ಲೆ, ಬಂಗಡೆ ಕಡಿಮೆಯಾಗಿದೆ. ಆದರೆ ಬರೀ ಪಥ್ಯದಿಂದ 9.2 ಇಷ್ಟು ಇಳಿಯುತ್ತಿರಲಿಲ್ಲ.