ಪದಚರ್ಚೆ: ‘ಊಹಿಸೋಣ’ ಎಂದು ಎರಡು ಸಲ ಬರೆದ ಮೇಲೆ ಯಾವ ಊಹೆ ತಪ್ಪು?

ಪ್ರಶ್ನೆ — ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯ ಮಕ್ಕಳಿಗೆಂದು ಬರೆದ ಗಣಿತದ ಕೈಪಿಡಿಯೊಂದರ ಕರಡು ತಿದ್ದುವ ಕೆಲಸ ನನ್ನದು. ನಾನು ಭಾಷೆಯವಳು, ಗಣಿತದವಳಲ್ಲ. √2 ಅಭಾಗಲಬ್ಧ ಎಂಬ ಸಾಧನೆ ಕರಡಿನಲ್ಲಿ ಹೀಗಿದೆ:

“√2 ಒಂದು ಭಾಗಲಬ್ಧ ಸಂಖ್ಯೆ ಎಂದು ಊಹಿಸೋಣ. √2 = p/q ಆಗಿರಲಿ. p ಮತ್ತು q ಸಹ-ಅವಿಭಾಜ್ಯ ಎಂದು ಊಹಿಸೋಣ. ಎರಡೂ ಕಡೆ ವರ್ಗ ಮಾಡಿದರೆ p² = 2q². ಅಂದರೆ p² ಸಮ. ಅಂದರೆ p ಸಮ. p = 2m ಆಗಿರಲಿ. 4m² = 2q², ಅಂದರೆ q² = 2m², ಅಂದರೆ q ಸಮ. ಆದರೆ p ಮತ್ತು q ಸಹ-ಅವಿಭಾಜ್ಯ. ಆದ್ದರಿಂದ ನಮ್ಮ ಊಹೆ ತಪ್ಪು.”

ನನ್ನ ಅನುಮಾನ ಎರಡು. ‘ಊಹೆ’ ಅಂದರೆ ನಮ್ಮ ಮಾತಿನಲ್ಲಿ ಅಂದಾಜು, ಹೀಗಿದ್ದರೂ ಇರಬಹುದು ಅನ್ನುವುದು. ಸುಳ್ಳೆಂದು ಗೊತ್ತಿದ್ದೇ ಹಿಡಿಯುವ ಮಾತಿಗೆ ಅದು ಒಪ್ಪುತ್ತದೆಯೇ? ಎರಡನೆಯದು, ‘ಊಹೆ ತಪ್ಪು’ ಎಂದಲ್ಲಿಗೆ ಸಾಧನೆ ಮುಗಿಯಿತೇ? ನನಗೆ ಕೊನೇ ಮೆಟ್ಟಿಲು ಕಾಣೆಯಾದ ಹಾಗೆ ಕಾಣುತ್ತದೆ.

ಉತ್ತರ — ಮಂಡ್ಯ, ನಿವೃತ್ತ ಹೈಸ್ಕೂಲ್ ಮೇಷ್ಟ್ರು

ಮೇಡಂ, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಲೆಟ್‌ಗೆ ‘ಆಗಿರಲಿ’, ಸಪೋಸ್‌ಗೆ ‘ಊಹಿಸೋಣ’, ಹೆನ್ಸ್‌ಗೆ ‘ಆದ್ದರಿಂದ’. ರೇಖಾಗಣಿತಕ್ಕೆ ದತ್ತ, ಸಾಧನೀಯ, ರಚನೆ, ಸಾಧನೆ. ಮಕ್ಕಳಿಗೆ ಇದು ಬಾಯಿಪಾಠ, ಈಗ ಪದ ಬದಲಾಯಿಸಿದರೆ ಪರೀಕ್ಷೆಯಲ್ಲಿ ಗಾಬರಿಯಾಗುತ್ತಾರೆ. ಕೊನೇ ಸಾಲಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ‘√2 ಅಭಾಗಲಬ್ಧ’ ಎಂದು ಬರೆಯಲೇಬೇಕು, ಪೇಪರ್ ನೋಡುವವರು ಹುಡುಕುವುದು ಆ ಸಾಲನ್ನೇ. ಆದರೆ ಅದು ಅಂಕದ ಮಾತು. ಗಣಿತ ‘ಊಹೆ ತಪ್ಪು’ ಎಂಬಲ್ಲಿಗೇ ಮುಗಿದಿರುತ್ತದೆ.

ಉತ್ತರ — ಜಯಲಕ್ಷ್ಮೀಪುರಂ, ಮೈಸೂರು, ಕಾಲೇಜು ಗಣಿತ

ಮೇಷ್ಟ್ರೇ, ಕೊನೇ ಸಾಲು ಬೇಕು ಅನ್ನುವುದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಗಣಿತ ಅಲ್ಲಿಗೇ ಮುಗಿದಿಲ್ಲ, ಮೇಡಂ ಅವರ ಮೂಗಿಗೆ ಸರಿಯಾದ ವಾಸನೆಯೇ ಬಡಿದಿದೆ. ಈ ಕರಡಿನಲ್ಲಿ ‘ಊಹಿಸೋಣ’ ಎರಡು ಸಲ ಇದೆ. ಕೊನೆಗೆ ‘ನಮ್ಮ ಊಹೆ ತಪ್ಪು’ ಅಂತಾರೆ. ಯಾವ ಊಹೆ?

ಜಾಣ ಹುಡುಗಿಯೊಬ್ಬಳು ಎದ್ದು ನಿಂತು ಹೀಗೆ ಹೇಳಬಹುದು: “ಸಾರ್, ಎರಡನೇ ಊಹೆ ತಪ್ಪು. p, q ಸಹ-ಅವಿಭಾಜ್ಯ ಅಂದುಕೊಂಡಿದ್ದು ಸುಳ್ಳಾಯಿತು, ಎರಡೂ ಸಮ ಸಂಖ್ಯೆಗಳು. √2 ಭಾಗಲಬ್ಧವಾಗಿಯೇ ಇರಬಹುದಲ್ಲ?” ಕರಡಿನ ಪ್ರಕಾರ ಅವಳ ಮಾತು ಸರಿ. ಎರಡು ಮಾತು ಊಹಿಸಿ ವಿರೋಧಕ್ಕೆ ಬಂದರೆ, ಎರಡೂ ಒಟ್ಟಿಗೆ ನಿಜವಾಗಲಾರವು ಎಂದಷ್ಟೇ ಸಿದ್ಧವಾಗುತ್ತದೆ. ತಪ್ಪು ಯಾವುದರ ತಲೆಗೆ ಎಂಬುದು ತೀರ್ಮಾನವಾಗುವುದಿಲ್ಲ.

ಎರಡನೆಯದು ಊಹೆಯೇ ಅಲ್ಲ, ಆಯ್ಕೆ. ಯಾವ ಭಿನ್ನರಾಶಿಯನ್ನಾದರೂ ಸಂಕ್ಷೇಪಿಸಬಹುದು. 14/10 ಕೊಟ್ಟರೆ 2ರಿಂದ ಹೊಡೆದು 7/5 ಮಾಡುತ್ತೇವೆ. ಪ್ರತಿ ಸಲ ಹೊಡೆದಾಗಲೂ ಛೇದ ಚಿಕ್ಕದಾಗುತ್ತದೆ, ಅದು ಧನ ಪೂರ್ಣಾಂಕವಾದ್ದರಿಂದ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಹಾಗಾಗಿ √2 ಭಾಗಲಬ್ಧ ಎಂದು ಒಪ್ಪಿದವನಿಗೆ ಸಹ-ಅವಿಭಾಜ್ಯವಾದ p, q ಸಿಕ್ಕೇ ಸಿಗುತ್ತವೆ, ಊಹಿಸುವ ಗರಜಿಲ್ಲ. ಅಲ್ಲಿ ಬರೆಯಬೇಕಾದ್ದು “ಸಂಕ್ಷೇಪಿಸಿದ ಮೇಲೆ ಬರುವ ರೂಪವನ್ನು p/q ಎನ್ನೋಣ” ಎಂದು. ಆಗ ಸಾಧನೆಯಲ್ಲಿ ಉಳಿಯುವ ಊಹೆ ಒಂದೇ, ತಪ್ಪು ಹೊರುವುದೂ ಅದೊಂದೇ. ‘ಸಹ-ಅವಿಭಾಜ್ಯ’ ಎಂಬ ಮಾತನ್ನೇ ಪೂರ್ತಿ ಬಿಟ್ಟು ಬರೆದವರನ್ನೂ ನೋಡಿದ್ದೇನೆ. ಆಗ ಕೊನೆಗೆ p, q ಎರಡೂ ಸಮ ಎಂದು ಬರುತ್ತದೆ, ಅದರಿಂದ ಯಾರಿಗೂ ಏನೂ ತೊಂದರೆಯಿಲ್ಲ, ವಿರೋಧವೇ ಹುಟ್ಟುವುದಿಲ್ಲ.

ಇನ್ನು ‘ಅಂದರೆ’. ಇದೇ ಮಾತನ್ನು ಬೇರೆ ರೂಪದಲ್ಲಿ ಹೇಳುವಾಗ ‘ಅಂದರೆ’ ಸರಿ: p² = 2q², ಅಂದರೆ p² ಸಮ. ಮುಂದಿನ “ಅಂದರೆ p ಸಮ” ಹಾಗಲ್ಲ, ಅದಕ್ಕೆ ಕಾರಣ ಕೊಡಬೇಕು. p ಬೆಸವಾಗಿದ್ದರೆ p = 2k + 1, ಆಗ p² = 4k² + 4k + 1, ಅದೂ ಬೆಸ. ಆದ್ದರಿಂದ p² ಸಮವಾದರೆ p ಸಮವಾಗಲೇಬೇಕು. q ವಿಷಯಕ್ಕೂ ಇದೇ ಕಾರಣ.

ಈ ಕಾರಣ ನುಂಗಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಕರಡಿನಲ್ಲಿ 2 ಇದ್ದ ಕಡೆ 4 ಹಾಕಿ. p² = 4q². ಅಂದರೆ p² ಅನ್ನು 4 ಭಾಗಿಸುತ್ತದೆ. ಅಂದರೆ p ಅನ್ನು 4 ಭಾಗಿಸುತ್ತದೆ. ಹೀಗೇ ಹೋದರೆ √4 ಅಭಾಗಲಬ್ಧ ಎಂದು ‘ಸಾಧಿಸಿ’ ಕೂರುತ್ತೀರಿ! √4 ಎಂಬುದು 2. ಎಡವಿದ್ದು ಎರಡನೇ ‘ಅಂದರೆ’ಯಲ್ಲಿ: p = 2 ಆದರೆ p² ಅನ್ನು 4 ಭಾಗಿಸುತ್ತದೆ, p ಅನ್ನು ಭಾಗಿಸುವುದಿಲ್ಲ. ಯಾವ ಸಾಧನೆ ಕೈಗೆ ಬಂದರೂ ಹೀಗೆ ಸುಳ್ಳಾಗಲೇಬೇಕಾದ ಒಂದು ಸಂಖ್ಯೆ ಹಾಕಿ ನೋಡಿ. ಆಗಲೂ ನಿಲ್ಲದೆ ಓಡಿದರೆ ಎಲ್ಲೋ ಒಂದು ಪದ ಮಾಡದ ಕೆಲಸಕ್ಕೆ ಕೂಲಿ ತೆಗೆದುಕೊಂಡಿದೆ.

ಉತ್ತರ — ಮಂಡ್ಯ, ಪತ್ರ ಬರಹಗಾರರು

ನನಗೆ ಈ p, q ಅರ್ಥವಾಗಲಿಲ್ಲ, ಪ್ರಶ್ನೆ ‘ಆದ್ದರಿಂದ’ ಎಲ್ಲಿ ಹಾಕಬೇಕು ಅಂತ ಅಂದುಕೊಂಡು ಓದಿದೆ. ನಮ್ಮ ದಾವೆಯ ಕಾಗದಗಳಲ್ಲಿ ‘ಆದ್ದರಿಂದ’ ಕೊನೆಯಲ್ಲಿ ಒಂದೇ ಸಲ, ಪ್ರಾರ್ಥನೆಯ ಭಾಗಕ್ಕೆ. ‘ಎನ್ನೋಣ’ ಅಂದದ್ದು ಮಾತ್ರ ಪರಿಚಯದ್ದು. ಕ್ರಯಪತ್ರದಲ್ಲಿ ಹೆಸರು, ತಂದೆ ಹೆಸರು, ಊರು ಬರೆದು “ಇವರನ್ನು ಇನ್ನು ಮುಂದೆ ಕ್ರಯಕ್ಕೆ ಕೊಡುವವರು ಎಂದು ಕರೆಯಲಾಗುವುದು” ಅಂತೀವಿ. ಅದರಿಂದ ಆ ಮನುಷ್ಯನ ಬಗ್ಗೆ ಏನನ್ನೂ ಸಾಧಿಸಿದಂತಲ್ಲ, ಬರೀ ಗುರುತು. ಆದರೆ ಒಂದೇ ಪತ್ರದಲ್ಲಿ ಇಬ್ಬರಿಗೆ ಒಂದೇ ಗುರುತು ಕೊಟ್ಟರೆ ಪತ್ರ ಕೆಡುತ್ತದೆ.

ಉತ್ತರ — ಜಯಲಕ್ಷ್ಮೀಪುರಂ

ಸ್ವಾಮಿ, ಅರ್ಥವಾಗಲಿಲ್ಲ ಅಂತ ಹೇಳಿ ಮುಖ್ಯವಾದ್ದನ್ನೇ ಹೇಳಿಬಿಟ್ಟಿರಿ. ಒಂದೇ ಗುರುತು ಇಬ್ಬರಿಗೆ ಕೊಡುವ ತಪ್ಪು ಉತ್ತರಪತ್ರಿಕೆಯಲ್ಲಿ ದಿನಾ ಕಾಣುತ್ತದೆ. ‘ಎರಡು ಬೆಸಸಂಖ್ಯೆಗಳ ಮೊತ್ತ ಸಮ’ ಎಂದು ಸಾಧಿಸಬೇಕು. ಹುಡುಗ ಬರೆಯುತ್ತಾನೆ: a = 2k + 1 ಆಗಿರಲಿ, b = 2k + 1 ಆಗಿರಲಿ, a + b = 4k + 2, ಆದ್ದರಿಂದ ಸಮ. ಉತ್ತರ ಸರಿ, ಸಾಧನೆ ತಪ್ಪು. k ಒಂದೇ ಆದ್ದರಿಂದ a ಮತ್ತು b ಒಂದೇ ಸಂಖ್ಯೆಯಾಗಿಬಿಟ್ಟವು. ಗುರುತಿಸುವುದು ಸುಲಭ: 4k + 2 ಎಂದರೆ ಯಾವ ಎರಡು ಬೆಸಸಂಖ್ಯೆ ಕೂಡಿದರೂ 4ರಿಂದ ಭಾಗಿಸಿದಾಗ 2 ಉಳಿಯಬೇಕು. 1 + 3 = 4, ಏನೂ ಉಳಿಯುವುದಿಲ್ಲ. b ಗೆ ಬೇರೆ ಅಕ್ಷರ ಕೊಟ್ಟು 2l + 1 ಎಂದಿದ್ದರೆ ಮೊತ್ತ 2(k + l + 1), ಸರಿಹೋಗುತ್ತಿತ್ತು.

‘ಆಗಿರಲಿ’ಯ ತೊಡಕೂ ಇದೇ. “n ಒಂದು ಬೆಸಸಂಖ್ಯೆಯಾಗಿರಲಿ” ಎಂದಾಗ ‘ಒಂದು’ ಎಂದರೆ ಯಾವುದೇ ಒಂದೋ, ಯಾವುದೋ ಒಂದೋ? ಕನ್ನಡದಲ್ಲಿ ಏಕಾರ, ಓಕಾರದ ಈ ವ್ಯತ್ಯಾಸ ಇರುವಾಗ ಬಳಸದೆ ಬಿಡುವುದೇಕೆ? “n ಯಾವುದೇ ಬೆಸಸಂಖ್ಯೆಯಾಗಿರಲಿ” ಎಂದರೆ ಎದುರಾಳಿ ತನಗೆ ಬೇಕಾದ್ದನ್ನು ಕೊಡಬಹುದು, ನಾನು ಆರಿಸುವ ಹಾಗಿಲ್ಲ. “ಯಾವುದೋ ಒಂದು m ಗೆ p = 2m” ಎಂದರೆ ಅಂಥದ್ದೊಂದು ಇದೆ, ಅಷ್ಟೇ.

ಉತ್ತರ — ಶ್ರೀರಂಗಪಟ್ಟಣ, ಭಾಷಾವಿಜ್ಞಾನ

‘ಊಹೆ’ ಬಗ್ಗೆ ಮೇಡಂ ಎತ್ತಿದ ಮಾತು ಹಾಗೇ ಉಳಿದುಹೋಯಿತು. ಗಣಿತದಲ್ಲೇ ಆ ಪದಕ್ಕೆ ಇನ್ನೊಂದು ಕೆಲಸವಿದೆ. ಗೋಲ್ಡ್‌ಬಾಕ್ ಊಹೆ ಎಂದಾಗ ನಿಜವಿರಬಹುದು, ಇನ್ನೂ ಯಾರೂ ಸಾಧಿಸಿಲ್ಲ ಎಂದು ಅರ್ಥ. ನಮ್ಮ ಮಾತಿನಲ್ಲಿ ಬೇರೆ ಪದ ತಯಾರಿದೆ: “ನಾಳೆ ನಾಲೆಗೆ ನೀರು ಬಿಟ್ರು ಅಂತಿಟ್ಕೊ, ನಾಟಿಗೆ ಆಳು ಎಲ್ಲಿಂದ ತರ್ತೀಯ?” ಬಿಡುತ್ತಾರೆಂಬ ನಂಬಿಕೆ ಅಲ್ಲಿಲ್ಲ. ‘ಇಟ್ಕೊ’ ಅಂದರೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿರು, ಆಮೇಲೆ ಕೆಳಗಿಡು ಎಂಬ ಧ್ವನಿ ಇದೆ. ವಿರೋಧದ ಸಾಧನೆಗೆ ‘ಎಂದಿಟ್ಟುಕೊಳ್ಳೋಣ’ಕ್ಕಿಂತ ಒಳ್ಳೆಯದು ನನಗೆ ತೋಚದು.

‘ಆದ್ದರಿಂದ’ ನನಗೆ ಕಿರಿಕಿರಿ. “ಮಳೆ ಬಂತು, ಆದ್ದರಿಂದ ಬಟ್ಟೆ ನೆನೆಯಿತು” ಎಂಬಲ್ಲಿ ಕಾರಣದಿಂದ ಕಾರ್ಯ. “ಬಟ್ಟೆ ನೆನೆದಿದೆ ಅಂದಮೇಲೆ ಮಳೆ ಬಂದಿರಬೇಕು” ಎಂಬಲ್ಲಿ ಗುರುತಿನಿಂದ ತೀರ್ಮಾನ. p² ಸಮವಾದದ್ದು p ಸಮವಾಗಲು ಕಾರಣವಲ್ಲ, ಬರೀ ಗುರುತು. ಅಲ್ಲಿ ‘ಅಂದಮೇಲೆ’ ಬರಬೇಕು.

ಉತ್ತರ — ಮಂಡ್ಯ, ಮೇಷ್ಟ್ರು

ಎರಡು ಊಹೆಯ ವಿಷಯ ಒಪ್ಪಿದೆ, ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಆದರೆ ‘ಅಂದಮೇಲೆ’ ಬೇಡ ಸ್ವಾಮಿ. ∴ ಚಿಹ್ನೆಯನ್ನು ಮಕ್ಕಳು ‘ಆದ್ದರಿಂದ’ ಎಂದೇ ಓದುತ್ತಾರೆ. ಕಾರಣವೋ ಗುರುತೋ ಎಂಬ ವ್ಯತ್ಯಾಸ ಗಣಿತದಲ್ಲಿ ಇಲ್ಲ, ಹಿಂದಿನ ಸಾಲು ನಿಜವಾದರೆ ಇದೂ ನಿಜ ಅನ್ನುವುದೊಂದೇ ಇರುವುದು.

ಉತ್ತರ — ಶ್ರೀರಂಗಪಟ್ಟಣ

ಗಣಿತದಲ್ಲಿ ಇಲ್ಲದಿರಬಹುದು, ಓದುವ ಮಗುವಿನ ಕನ್ನಡದಲ್ಲಿ ಇದೆಯಲ್ಲ.

ಪ್ರಶ್ನೆ ಕೇಳಿದವರು — ಕುವೆಂಪುನಗರ

ಎಲ್ಲರಿಗೂ ಉಪಕಾರವಾಯಿತು. ತಿದ್ದಿದ್ದು ಹೀಗಿದೆ, ತಪ್ಪಿದ್ದರೆ ಹೇಳಿ:

“√2 ಭಾಗಲಬ್ಧ ಎಂದಿಟ್ಟುಕೊಳ್ಳೋಣ. ಹಾಗಿದ್ದರೆ ಅದನ್ನು ಭಿನ್ನರಾಶಿಯಾಗಿ ಬರೆಯಬಹುದು. ಸಂಕ್ಷೇಪಿಸಿದ ಮೇಲೆ ಬರುವ ರೂಪವನ್ನು p/q ಎನ್ನೋಣ. p, q ಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ. ವರ್ಗ ಮಾಡಿದರೆ p² = 2q², ಅಂದರೆ p² ಸಮ. ಬೆಸಸಂಖ್ಯೆಯ ವರ್ಗ ಬೆಸವೇ ಆಗಿರುವುದರಿಂದ p ಕೂಡ ಸಮ. ಯಾವುದೋ ಒಂದು ಪೂರ್ಣಾಂಕ m ಗೆ p = 2m. ಆಗ 4m² = 2q², ಅಂದರೆ q² = 2m²; ಅದೇ ಕಾರಣದಿಂದ q ಕೂಡ ಸಮ. p, q ಎರಡನ್ನೂ 2 ಭಾಗಿಸುತ್ತದೆ. ಇದು ಸಂಕ್ಷೇಪಿಸಿದ ರೂಪ ಎಂಬುದಕ್ಕೆ ವಿರುದ್ಧ. ಆದ್ದರಿಂದ √2 ಭಾಗಲಬ್ಧವೆಂದು ಇಟ್ಟುಕೊಂಡದ್ದು ತಪ್ಪು. √2 ಅಭಾಗಲಬ್ಧ.”

‘ಆದ್ದರಿಂದ’ ಒಂದೇ ಸಲ ಬಂತು, ಮಂಡ್ಯದ ಪತ್ರ ಬರಹಗಾರರು ಹೇಳಿದ ಹಾಗೆ. ಕೊನೆಯಲ್ಲಿ ಕ್ಯೂ.ಇ.ಡಿ. ಥರ ಏನಾದರೂ ಹಾಕಬೇಕೇ?

ಉತ್ತರ — ಜಯಲಕ್ಷ್ಮೀಪುರಂ

ಸರಿಯಾಗಿದೆ. ಕ್ಯೂ.ಇ.ಡಿ. ಯೂಕ್ಲಿಡ್‌ನ ಗ್ರೀಕ್ ಮಾತಿನ ಲ್ಯಾಟಿನ್ ರೂಪ, ‘ಇದನ್ನೇ ತೋರಿಸಬೇಕಾಗಿತ್ತು’ ಎಂದರ್ಥ. ಆಕೃತಿ ರಚಿಸುವ ಸಮಸ್ಯೆಯಾದರೆ ಯೂಕ್ಲಿಡ್ ‘ಇದನ್ನೇ ಮಾಡಬೇಕಾಗಿತ್ತು’ ಎಂದು ಬೇರೆ ಮಾತಿನಿಂದ ಮುಗಿಸುತ್ತಾನೆ. ಈಗ ಬಳಕೆಯಲ್ಲಿರುವ ಚಿಕ್ಕ ಚೌಕ ∎ ಗಣಿತಜ್ಞ ಪಾಲ್ ಹಾಲ್ಮೋಸ್ ಅವರು ಗಣಿತಕ್ಕೆ ತಂದದ್ದು, ಪತ್ರಿಕೆಗಳಲ್ಲಿ ಲೇಖನ ಮುಗಿದಾಗ ಹಾಕುತ್ತಿದ್ದ ಗುರುತನ್ನು ನೋಡಿ. ‘ಇದನ್ನೇ’ ಎಂಬುದರಲ್ಲಿನ ಏಕಾರ ನೋಡಿಕೊಳ್ಳಿ: ಕೊನೇ ಸಾಲನ್ನು ಪ್ರಶ್ನೆಯ ಪಕ್ಕ ಇಟ್ಟರೆ ಎರಡೂ ಒಂದೇ ಮಾತಾಗಿರಬೇಕು. ‘√2 ಅಭಾಗಲಬ್ಧ’ ಎಂದು ಕೇಳಿದ್ದರು, ‘√2 ಅಭಾಗಲಬ್ಧ’ ಎಂದೇ ನಿಂತಿದೆ. ಚೌಕ ಹಾಕುವುದೂ ಬಿಡುವುದೂ ನಿಮ್ಮ ಅಚ್ಚಿನವರಿಗೆ ಬಿಟ್ಟದ್ದು.

ಉತ್ತರ — ಮಂಡ್ಯ, ಮೇಷ್ಟ್ರು

‘ಎಂದಿಟ್ಟುಕೊಳ್ಳೋಣ’ದ ಪಕ್ಕ ಒಂದು ಕಡೆಯಾದರೂ ‘ಊಹಿಸೋಣ ಎಂದೂ ಬರೆಯುವುದುಂಟು’ ಅಂತ ಹಾಕಿ ಮೇಡಂ. ಶಾಲೆಯ ಪುಸ್ತಕ ತೆರೆದ ಮಗು ಇವೆರಡೂ ಬೇರೆ ಬೇರೆ ಅಂದುಕೊಂಡೀತು.