ಗದ್ದದ ಕೆಳಗಿನ ಹಸಿರು ಹೋಗಿಸೋದು ಹೇಗೆ?

ಪ್ರಶ್ನೆ: ಮರದ ನೆರಳಲ್ಲಿ, ಹುಲ್ಲಿನ ಮೇಲೆ ನಿಲ್ಲಿಸಿ ತೆಗೆದ ಫೋಟೋ. ಹಣೆ ಚೆನ್ನಾಗಿದೆ. ಗದ್ದ, ಕತ್ತು, ಮೂಗಿನ ಕೆಳಭಾಗ ಹಸಿರಾಗಿದೆ. Tint ಸ್ಲೈಡರ್ ಬಲಕ್ಕೆ ಎಳೆದರೆ ಗದ್ದ ಸರಿಯಾಗುತ್ತೆ, ಹಣೆ ಗುಲಾಬಿ ಆಗುತ್ತೆ. ರಾ ಫೈಲ್ ಇದೆ. ಏನು ಮಾಡಲಿ?

ಒಬ್ಬ ಸದಸ್ಯರು: ಸುಲಭ. ಬಣ್ಣಗಳ ಪಟ್ಟಿಯಲ್ಲಿ ಹಸಿರಿನ Saturation ಪೂರ್ತಿ ಇಳಿಸಿಬಿಡಿ. ಬಿಳಿ ಅಂಗಿ ಇದ್ದರೆ ಅದರ ಮೇಲೆ ಐಡ್ರಾಪರ್ ಒತ್ತಿ, ಮುಗೀತು.

ರೀಟಚಿಂಗ್ ಕೆಲಸ ಮಾಡುವವರು: ಹಸಿರು ಇಳಿಸಿದರೆ ಹಿಂದಿನ ಎಲೆಗಳು ಬೂದು ಆಗುತ್ತವೆ, ಗದ್ದ ಹಾಗೇ ಉಳಿಯುತ್ತೆ. ಇಂಥ ಒಂದು ಮುಖದ ಅಂಕಿ ನೋಡಿ. ಹಣೆಯಲ್ಲಿ ಕೆಂಪು 212, ಹಸಿರು 166, ನೀಲಿ 138. ಗದ್ದದ ಕೆಳಗೆ 148, 146, 104. ಕಣ್ಣಿಗೆ ಅದು ಹಸಿರು ಅನಿಸಿದರೂ ಕೆಂಪು, ಹಸಿರು ಎರಡೂ ಸಮ ಇರೋದರಿಂದ ಸಾಫ್ಟ್‌ವೇರ್‌ಗೆ ಅದು ಹಳದಿ. ಹಸಿರಿನ ಸ್ಲೈಡರ್ ಅದನ್ನು ಮುಟ್ಟೋದೇ ಇಲ್ಲ. ಐಡ್ರಾಪರ್ ಸಲಹೆ ಇಡೀ ಮುಖಕ್ಕೆ ಒಂದೇ ಬೆಳಕು ಬಿದ್ದಿದ್ದರೆ ಸರಿ. ಇಲ್ಲಿ ಹಣೆಗೆ ಆಕಾಶದ ಬೆಳಕು, ಗದ್ದಕ್ಕೆ ಹುಲ್ಲಿನಿಂದ ಪುಟಿದ ಬೆಳಕು. ಒಂದೇ ವೈಟ್ ಬ್ಯಾಲೆನ್ಸ್ ಎರಡಕ್ಕೂ ಹೊಂದಲ್ಲ.

ಮೊದಲು ಹಣೆಗೆ ಸರಿಹೋಗುವಂತೆ ಇಡೀ ಫೋಟೋದ ಬಣ್ಣ ಸರಿಮಾಡಿ, ಆಮೇಲೆ ಅದನ್ನು ಮುಟ್ಟಬೇಡಿ. ಈಗ Saturation ಸುಮ್ನೆ +100ಕ್ಕೆ ಎಳೆದು ನೋಡಿ. ಹಸಿರು ಎಲ್ಲೆಲ್ಲಿ ಕೂತಿದೆ ಅಂತ ಎದ್ದು ಕಾಣುತ್ತೆ. ಗದ್ದ, ಕತ್ತು ಅಷ್ಟೇ ಅಲ್ಲ, ಕೆಳತುಟಿಯ ಅಡಿ, ಮೂಗಿನ ಹೊಳ್ಳೆ, ಕಾಲರ್‌ನ ಒಳಗೂ ಇರುತ್ತೆ. ನೋಡಿಕೊಂಡು ವಾಪಸ್ ಸೊನ್ನೆಗೆ ತನ್ನಿ.

ನಂತರ ಮುಖ ಮತ್ತು ಕತ್ತಿನ ಚರ್ಮಕ್ಕೆ ಮಾಸ್ಕ್ ಮಾಡಿ. ಅದರ ಜೊತೆ ಕೆಳಗಿನಿಂದ ಮೇಲಕ್ಕೆ ಒಂದು ಲೀನಿಯರ್ ಗ್ರೇಡಿಯೆಂಟ್ Intersect ಮಾಡಿ. ಹುಲ್ಲಿನ ಬೆಳಕು ಕೆಳಗಿಂದ ಬರುತ್ತೆ, ಮೇಲೆ ಹೋದಂತೆ ಕ್ಷೀಣಿಸುತ್ತೆ. ಮಾಸ್ಕ್ ಕೂಡ ಹಾಗೇ ಕರಗಬೇಕು, ಇಲ್ಲದಿದ್ದರೆ ದವಡೆ ಮೇಲೆ ಗೆರೆ ಕಾಣುತ್ತೆ. ಆ ಮಾಸ್ಕ್ ಒಳಗೆ Tint ಸ್ವಲ್ಪ ಸ್ವಲ್ಪವೇ ಬಲಕ್ಕೆ ಸರಿಸಿ, ಅಂಕಿ ನೋಡ್ತಾ ಇರಿ. ಚರ್ಮ ಯಾವ ಬಣ್ಣದ್ದೇ ಇರಲಿ, ಸಾಮಾನ್ಯವಾಗಿ ಕೆಂಪು ಮೊದಲು, ಹಸಿರು ನಡುವೆ, ನೀಲಿ ಕೊನೆಗೆ. ಹಣೆಯಲ್ಲಿ ಹಸಿರು ಕೆಂಪಿನ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ ಇದೆ, ಗದ್ದದಲ್ಲೂ ಹತ್ತಿರತ್ತಿರ ಹಾಗೇ ಬರಬೇಕು. ಅಂದರೆ 150, 119, 99ರ ಆಸುಪಾಸು.

ಪ್ರಶ್ನೆ ಕೇಳಿದವರು: ಮಾಡಿದೆ. ಹಸಿರು ಹೋಯ್ತು, ಆದರೆ ಗದ್ದ ಬೂದಿ ಬಳಿದ ಹಾಗೆ ಸಪ್ಪೆ ಆಯ್ತು.

ರೀಟಚಿಂಗ್ ಕೆಲಸ ಮಾಡುವವರು: ಹಾಗಾಗೋದು ಸಹಜ. ಎಲೆ, ಹುಲ್ಲು ಕೆಂಪು ಬೆಳಕನ್ನು ಹೀರಿಕೊಂಡು ಹಸಿರನ್ನು ವಾಪಸ್ ಕಳಿಸುತ್ತವೆ. ಗದ್ದಕ್ಕೆ ಕೆಂಪು ಬಂದದ್ದೇ ಕಡಿಮೆ. ಹಸಿರು ತೆಗೆದರೆ ಹೊರೆ ಇಳಿಯಿತು ಅಷ್ಟೇ, ಚರ್ಮದ ಬಣ್ಣ ನಾವೇ ಕೊಡಬೇಕು. ಫೋಟೋಶಾಪ್‌ನಲ್ಲಿ ಮೇಲೊಂದು ಖಾಲಿ ಲೇಯರ್ ಹಾಕಿ, ಬ್ಲೆಂಡ್ ಮೋಡ್ Color ಮಾಡಿ. ಮೆತ್ತನೆ ಬ್ರಷ್, Flow 5% ಸಾಕು. ಬಣ್ಣವನ್ನು ಹಣೆಯ ಹೊಳಪಿನಿಂದ ತೆಗೆದುಕೊಳ್ಳಬೇಡಿ, ಅದು ಪೇಲವ. ಕೆನ್ನೆಯ ಮಧ್ಯಮ ಬೆಳಕಿನ ಜಾಗದಿಂದ ತೆಗೆದು, ಗದ್ದದ ಮೇಲೆ ನಿಧಾನವಾಗಿ ಸವರಿ. ಈ ಮೋಡ್‌ನಲ್ಲಿ ಬೆಳಕು-ನೆರಳು ಹಾಗೇ ಉಳಿಯುತ್ತೆ, ರಂಧ್ರಗಳೂ ಮಾಸಲ್ಲ. ತುಟಿ, ಹಲ್ಲು, ಗಡ್ಡದ ಮೇಲೆ ಬ್ರಷ್ ಹೋಗದಿರಲಿ. ಹಲ್ಲಿನ ಅಂಚು ಕಿತ್ತಳೆ ಆದರೆ ನೋಡಿದ ಕೂಡಲೇ ಗೊತ್ತಾಗುತ್ತೆ.

ಇನ್ನೊಬ್ಬ ಸದಸ್ಯೆ: ನನ್ನದು ನೀಲಿ ಗೋಡೆ. ಒಂದು ಕೆನ್ನೆ ಪೂರ್ತಿ ನೀಲಿ. ಮೊಬೈಲಿನ ಜೆಪೆಗ್. ಇದೇ ಮಾಡಿದರೆ ಆಗುತ್ತಾ?

ರೀಟಚಿಂಗ್ ಕೆಲಸ ಮಾಡುವವರು: ದಾರಿ ಅದೇ, ಆದರೆ ನಿಮಗೆ Temp ಹಳದಿ ಕಡೆಗೆ, ಗ್ರೇಡಿಯೆಂಟ್ ಗೋಡೆ ಇರುವ ಪಕ್ಕದಿಂದ. ಆ ಕಡೆಯ ತುಟಿ ನೇರಳೆ ಆಗಿದ್ದರೆ ಬೇರೆ ಮಾಸ್ಕ್ ಬೇಕು. ಜೆಪೆಗ್‌ನಲ್ಲಿ ಜಾಸ್ತಿ ಎಳೆದರೆ ಚರ್ಮದಲ್ಲಿ ತೇಪೆ ತೇಪೆಯಾಗಿ ಕಲೆ ಏಳುತ್ತೆ. ಅಂಥಲ್ಲಿ Color ಲೇಯರನ್ನೇ ಹೆಚ್ಚು ನಂಬಿ. ಮುಂದಿನ ಸಲ ಗೋಡೆಯಿಂದ ನಾಲ್ಕು ಹೆಜ್ಜೆ ಆಚೆ ನಿಲ್ಲಿಸಿ, ಅರ್ಧ ಕೆಲಸ ಅಲ್ಲೇ ಆಗುತ್ತೆ.

ಮೊದಲ ಸದಸ್ಯರು: ಹಳದಿ ವಿಷಯ ಗೊತ್ತಿರಲಿಲ್ಲ, ಸರ್. ಆದರೂ ಒಂದು ಮಾತು. ಹಿಂದೆ ಅಷ್ಟೊಂದು ಹಸಿರು ಇರುವಾಗ ಗದ್ದದಲ್ಲಿ ಒಂಚೂರೂ ಇಲ್ಲದಿದ್ದರೆ ಮುಖ ಕತ್ತರಿಸಿ ಅಂಟಿಸಿದ ಹಾಗೆ ಕಾಣಲ್ವಾ?

ರೀಟಚಿಂಗ್ ಕೆಲಸ ಮಾಡುವವರು: ಖಂಡಿತ ಕಾಣುತ್ತೆ. ನಾನು ಕೊನೆಗೆ ಆ ಲೇಯರ್‌ನ Opacity 70-80%ಗೆ ಇಳಿಸಿ, ಕತ್ತಿನಲ್ಲಿ ಸ್ವಲ್ಪ ಹಸಿರು ಬಿಡ್ತೀನಿ.

ಪ್ರಶ್ನೆ ಕೇಳಿದವರು: ನನ್ನ ಗ್ರಾಹಕರು ಕತ್ತಿನಲ್ಲೂ ಬೇಡ ಅಂತಿದ್ದಾರೆ. ಎರಡು ಪ್ರತಿ ಮಾಡಿ ಕಳಿಸ್ತೀನಿ, ಅವರೇ ಆರಿಸಲಿ.