ಅಪ್‌ಡೇಟ್: ಸಪೋರ್ಟ್‌ನಲ್ಲಿ ಇಳಿಸಿದ ಮೊಮೆಂಟ್ ಸ್ಪ್ಯಾನ್‌ಗೆ ಎಷ್ಟು ಸೇರುತ್ತದೆ?

ನಾನು ಕೇಳಿದ್ದು: "ಉದ್ದಕ್ಕೂ ಒಂದೇ ಆಗಿರುವ ಕಾಂಕ್ರೀಟ್ ಬೀಮ್, 6 ಮೀಟರಿನ ಎರಡು ಸ್ಪ್ಯಾನ್, ಎರಡರಲ್ಲೂ 40 kN/m ಅಲ್ಟಿಮೇಟ್ ಲೋಡ್. ನಡುವಿನ ಸಪೋರ್ಟ್‌ನ 180 kNm ಅನ್ನು 20% ಇಳಿಸಿದರೆ, ಆ 36 ಅನ್ನು ಸ್ಪ್ಯಾನ್‌ಗೆ ಕೂಡಿಸಬೇಕೇ?"

ಉತ್ತರಿಸಿದವರಿಗೆಲ್ಲ ಧನ್ಯವಾದ. ಕೂಡಿಸಬಾರದು. ನೀವು ಹೇಳಿದಂತೆ ಸಮತೋಲನದಿಂದಲೇ ಮತ್ತೆ ಲೆಕ್ಕ ಹಾಕಿದೆ. ಸಪೋರ್ಟ್ ಮೊಮೆಂಟ್ 144 ಆದಾಗ ತುದಿಯ ರಿಯಾಕ್ಷನ್ 120 − 144/6 = 96 kN. ಶಿಯರ್ ಸೊನ್ನೆಯಾಗುವುದು ತುದಿಯಿಂದ 2.4 ಮೀಟರ್‌ನಲ್ಲಿ, ಅಲ್ಲಿ ಮೊಮೆಂಟ್ 115.2 kNm. ಮೊದಲು 101.25 ಇತ್ತು, ಏರಿದ್ದು 14 ಮಾತ್ರ.

ನನಗೆ ನಿಜಕ್ಕೂ ಖುಷಿ ಕೊಟ್ಟದ್ದು ಮುಂದಿನದು. ಒಂದು ಸ್ಪ್ಯಾನ್‌ಗೆ 40, ಇನ್ನೊಂದಕ್ಕೆ ಬರೀ ಡೆಡ್ ಲೋಡ್ 20 ಇಟ್ಟು ನೋಡಿದೆ. ಆಗ ಸಪೋರ್ಟ್‌ನಲ್ಲಿ 135, ಅಂದರೆ 144ಕ್ಕಿಂತ ಕಡಿಮೆ, ಇಳಿಸುವ ಅಗತ್ಯವೇ ಇಲ್ಲ. ಆದರೆ ಸ್ಪ್ಯಾನ್‌ನಲ್ಲಿ 118.8! ಕೆಳಗಿನ ಕಂಬಿಯನ್ನು ಹೇಗೂ ಇದಕ್ಕೇ ಹಾಕಬೇಕಿತ್ತು. ಹಾಗಾಗಿ ಸ್ಪ್ಯಾನ್‌ಗೆ ಒಂದು ಕಂಬಿಯೂ ಹೆಚ್ಚಾಗದೆ, ಕಾಲಮ್ ಮೇಲೆ ಕಂಬಿಗಳ ಇಕ್ಕಟ್ಟು ಸಡಿಲವಾಯಿತು.

ಒಂದು ತಪ್ಪನ್ನೂ ತಿದ್ದಿಕೊಂಡೆ. ಐಎಸ್ 456 ಪ್ರಕಾರ 20% ಇಳಿಸಿದರೆ ಸಪೋರ್ಟ್ ಸೆಕ್ಷನ್‌ನಲ್ಲಿ ನ್ಯೂಟ್ರಲ್ ಆಕ್ಸಿಸ್‌ನ ಆಳಕ್ಕೂ ಬೀಮ್‌ನ ಎಫೆಕ್ಟಿವ್ ಆಳಕ್ಕೂ ಇರುವ ಅನುಪಾತ xu/d 0.4 ಮೀರಬಾರದು, ಇಲ್ಲದಿದ್ದರೆ ಅಲ್ಲಿ ಹಿಂಜ್ ತಿರುಗುವ ಮೊದಲೇ ಕಾಂಕ್ರೀಟ್ ಪುಡಿಯಾಗಬಹುದು. ನನ್ನದು 0.43 ಇತ್ತು, ಬೀಮ್‌ನ ಆಳ 50 ಮಿ.ಮೀ. ಹೆಚ್ಚಿಸಿದ ಮೇಲೆ ಮಿತಿಯೊಳಗೆ ಬಂತು.